ಕಳುಹಿಸಿಬಿಟ್ಟ ವರದಿಯಲ್ಲಿ ತಪ್ಪು ಸಿಕ್ಕಾಗ

ವರದಿ ಕಳುಹಿಸಿ ಆಗಿದೆ, ಮ್ಯಾನೇಜರು ನೋಡಿ ಸರಿ ಎಂದದ್ದೂ ಆಗಿದೆ. ನಾಲ್ಕು ದಿನ ಬಿಟ್ಟು ಬೇರೆ ಯಾವುದೋ ಕೆಲಸಕ್ಕೆ ಅದೇ ಫೈಲ್ ತೆರೆದಾಗ ತಪ್ಪು ಕಣ್ಣಿಗೆ ಬೀಳುತ್ತದೆ. ಆಗ ಮ್ಯಾನೇಜರಿಗೆ ಬರೆಯಬೇಕಾದ ಇಮೇಲ್ ಬಗ್ಗೆ ಇವತ್ತು ಮಾತಾಡುತ್ತೇನೆ. ನನಗೇ ಆದದ್ದನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

ಆಗ ನಾನು ಹುಬ್ಬಳ್ಳಿಯಲ್ಲಿ ಬೀಜ, ಗೊಬ್ಬರ ಹಂಚುವ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. 12 ಡಿಪೋಗಳ ತಿಂಗಳ ಮಾರಾಟವನ್ನು ಎಕ್ಸೆಲ್‌ನಲ್ಲಿ ಒಟ್ಟುಗೂಡಿಸಿ ವರದಿ ಮಾಡುವುದು ನನ್ನ ಕೆಲಸ. ಆಗಸ್ಟ್ 5ರಂದು ಜುಲೈ ವರದಿ ಕಳುಹಿಸಿದೆ. 9ರ ಸಂಜೆ ಹಾವೇರಿ ಡಿಪೋದ ದಾಸ್ತಾನು ಪುಸ್ತಕ ನೋಡುತ್ತಿದ್ದಾಗ ಲೆಕ್ಕ ಕೂಡಲಿಲ್ಲ. ಗೋದಾಮಿನಿಂದ ಮಾಲು ಹೊರಗೆ ಹೋಗಿದೆ, ವರದಿಯಲ್ಲಿ ಅಷ್ಟು ಮಾರಾಟವೇ ಇಲ್ಲ.

ಹಾಳೆ ತೆರೆದು ಸಾಲು ಸಾಲಾಗಿ ನೋಡಿದೆ. ಹಾವೇರಿಯ ಮೂರು ಮೊತ್ತಗಳ ಕೊನೆಯಲ್ಲಿ, ನಾವು ಚೆಕ್ಕಿನ ಮೇಲೆ ಬರೆಯುತ್ತೇವಲ್ಲ, ಆ ಓರೆ ಗೆರೆ ಮತ್ತು ಅಡ್ಡ ಗೆರೆ ಇತ್ತು: 2,40,000/-, 3,10,000/-, 1,70,000/-. ಡಿಪೋದವರು ವಾಟ್ಸಾಪಿನಲ್ಲಿ ಹಾಗೆ ಕಳುಹಿಸಿದ್ದರು, ನಾನು ಹಾಗೇ ಕಾಪಿ ಮಾಡಿ ಅಂಟಿಸಿದ್ದೆ. ಆ ಎರಡು ಗೆರೆ ಸೇರಿದರೆ ಎಕ್ಸೆಲ್‌ಗೆ ಅದು ಸಂಖ್ಯೆಯಲ್ಲ, ಬರೀ ಅಕ್ಷರ. SUM ಸೂತ್ರ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಸಾಮಾನ್ಯವಾಗಿ ಅಕ್ಷರ ಮನೆಯ ಎಡಕ್ಕೆ, ಸಂಖ್ಯೆ ಬಲಕ್ಕೆ ಅಂಟಿ ನಿಲ್ಲುತ್ತದೆ, ಅದರಿಂದಲೇ ಗೊತ್ತಾಗಬೇಕಿತ್ತು. ನಾನು ಅಂದ ಕಾಣಲಿ ಎಂದು ಇಡೀ ಕಾಲಂ ನಡುವಿಗೆ ತಂದಿಟ್ಟಿದ್ದೆ. ಹೀಗೆ 7,20,000 ರೂಪಾಯಿ ಲೆಕ್ಕದಿಂದ ಹೊರಗುಳಿಯಿತು.

ಆ ಸಂಜೆ ಮೊದಲು ಬರೆದ ಇಮೇಲ್ ನನಗೆ ಇನ್ನೂ ನೆನಪಿದೆ. ವಿಷಯದ ಜಾಗದಲ್ಲಿ 'ಸಣ್ಣ ತಿದ್ದುಪಡಿ' ಎಂದಿತ್ತು. 'ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ' ಎಂದು ಶುರು ಮಾಡಿ, ತಿಂಗಳ ಕೊನೆಯ ಒತ್ತಡ ವಿವರಿಸಿ, ಮೂರು ಕಡೆ ಕ್ಷಮೆ ಕೇಳಿ, ಕಡೆಗೆ ಅಂಕಿಗೆ ಬಂದಿದ್ದೆ. ಕಳುಹಿಸಲಿಲ್ಲ, ಪುಣ್ಯ. ಮ್ಯಾನೇಜರು ಅದನ್ನು ಓದುವುದು ಮೊಬೈಲಿನಲ್ಲಿ. ಅಲ್ಲಿ ಕಾಣುವುದು ವಿಷಯ ಮತ್ತು ಮೊದಲ ಒಂದೆರಡು ಸಾಲು. 'ಸಣ್ಣ ತಿದ್ದುಪಡಿ' ಎಂದು ಕಂಡರೆ ನಾಳೆ ನೋಡಿದರಾಯಿತು ಎಂದು ಬಿಡುತ್ತಾರೆ. ಅಷ್ಟರಲ್ಲಿ ತಪ್ಪು ಅಂಕಿ ಹಿಡಿದುಕೊಂಡೇ ಅವರು ಮೀಟಿಂಗಿಗೆ ಹೋಗಿರುತ್ತಾರೆ.

ಇಂಥ ಇಮೇಲ್ ಬಂದಾಗ ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಈ ಅಂಕಿ ನಂಬಿ ನಾನು ಏನು ಮಾಡಿಬಿಟ್ಟಿದ್ದೇನೆ? ಉತ್ತರ ಮೊದಲ ಪ್ಯಾರಾದಲ್ಲೇ ಸಿಗಬೇಕು. ಕೊನೆಗೆ ಕಳುಹಿಸಿದ್ದರ ವಿಷಯ ಮತ್ತು ಮೊದಲ ಪ್ಯಾರಾ ಓದುತ್ತೇನೆ, ಕೇಳಿ.

ವಿಷಯ: 'ತಿದ್ದುಪಡಿ: ಜುಲೈ ಮಾರಾಟ ವರದಿಯಲ್ಲಿ ಹಾವೇರಿಯ 7,20,000 ರೂಪಾಯಿ ಬಿಟ್ಟುಹೋಗಿದೆ.'

'ನಮಸ್ಕಾರ ಸರ್. ಆಗಸ್ಟ್ 5ರಂದು ಕಳುಹಿಸಿದ ಜುಲೈ ವರದಿಯಲ್ಲಿ ಹಾವೇರಿ ಡಿಪೋದ ಮಾರಾಟವನ್ನು ನಾನು 4,10,000 ಎಂದು ತಪ್ಪಾಗಿ ತೋರಿಸಿದ್ದೇನೆ. ಸರಿಯಾದ ಮೊತ್ತ 11,30,000. ಇದರಿಂದ 12 ಡಿಪೋಗಳ ಒಟ್ಟು 1,86,40,000 ಅಲ್ಲ, 1,93,60,000. ಹಾವೇರಿ 10 ಲಕ್ಷದ ಗುರಿ ತಲುಪಿಲ್ಲ ಎಂದು ಮೂರನೇ ಪುಟದಲ್ಲಿ ಬರೆದದ್ದೂ ತಪ್ಪು, ಗುರಿ ದಾಟಿದೆ. ಉಳಿದ 11 ಡಿಪೋಗಳ ಅಂಕಿಗಳನ್ನು ಬಿಲ್ಲುಗಳೊಂದಿಗೆ ಮತ್ತೆ ತಾಳೆ ನೋಡಿದ್ದೇನೆ, ವ್ಯತ್ಯಾಸವಿಲ್ಲ. ನನ್ನ ತಪ್ಪಿಗೆ ಕ್ಷಮಿಸಿ.'

ಇಲ್ಲಿ ಎರಡು ಮಾತು ಹೇಳಬೇಕು. ಕನ್ನಡದಲ್ಲಿ 'ತಪ್ಪಾಗಿದೆ' ಎಂದುಬಿಡುವುದು ಬಹಳ ಸುಲಭ. ಯಾರಿಂದ ಆಯಿತು ಎಂದು ಆ ಮಾತು ಹೇಳುವುದೇ ಇಲ್ಲ. 'ನಾನು ತಪ್ಪಾಗಿ ತೋರಿಸಿದ್ದೇನೆ' ಎಂದರೆ ಯಾರನ್ನು ಕೇಳಬೇಕು, ಯಾರು ಸರಿಪಡಿಸುತ್ತಾರೆ ಎನ್ನುವುದು ಅವರಿಗೆ ಸ್ಪಷ್ಟ. ಡಿಪೋದವರು ಹಾಗೆ ಬರೆದು ಕಳುಹಿಸಿದ್ದು ನಿಜ, ಆದರೆ ಅದನ್ನು ನೋಡಿ ಸೇರಿಸಬೇಕಾದವಳು ನಾನು. ಅವರ ಹೆಸರನ್ನು ಮುಂದೆ ಮಾಡಲಿಲ್ಲ.

ಇನ್ನೊಂದು, ಉಳಿದ ಅಂಕಿಗಳನ್ನು ತಾಳೆ ನೋಡಿದ ಮಾತು. ಒಂದು ತಪ್ಪು ಸಿಕ್ಕ ಕೂಡಲೇ ಗಾಬರಿಯಲ್ಲಿ ಇಮೇಲ್ ಒತ್ತಿಬಿಟ್ಟು, ಮರುದಿನ ಗದಗಿನಲ್ಲೂ ಒಂದು ಸಿಕ್ಕಿತು ಎಂದು ಮತ್ತೆ ಬರೆಯಬೇಕಾಗಿ ಬಂದರೆ, ಆಮೇಲೆ ನಿಮ್ಮ ಯಾವ ಅಂಕಿಯನ್ನೂ ಯಾರೂ ನಂಬುವುದಿಲ್ಲ. ನನಗೆ ತಾಳೆ ನೋಡಲು ಎರಡು ತಾಸು ಹಿಡಿಯಿತು. ಆದರೆ ಮರುದಿನ ಬೆಳಿಗ್ಗೆಯೇ ಮೀಟಿಂಗ್ ಇತ್ತು. ಅದಕ್ಕೆ ಮೊದಲು ಫೋನ್ ಮಾಡಿ, 'ಸರ್, ಹಾವೇರಿ ಅಂಕಿ ಸದ್ಯಕ್ಕೆ ಬಳಸಬೇಡಿ, ರಾತ್ರಿಯೊಳಗೆ ಪೂರ್ತಿ ಬರೆದು ಕಳಿಸುತ್ತೇನೆ' ಎಂದೆ. ಆ ಒಂದು ಮಾತಿಗೆ ತಾಳೆ ಮುಗಿಯುವ ತನಕ ಕಾಯಬಾರದು.

ಫೈಲಿನ ವಿಚಾರದಲ್ಲಿ ದೊಡ್ಡ ಆಸೆಯೊಂದು ಬರುತ್ತದೆ. ಹಂಚಿಕೊಂಡ ಫೋಲ್ಡರಿನಲ್ಲಿ ಹಳೆಯದನ್ನು ಅಳಿಸಿ, ಅದೇ ಹೆಸರಿನಲ್ಲಿ ಹೊಸದನ್ನು ಇಟ್ಟುಬಿಡೋಣ ಎಂದು. ದಯವಿಟ್ಟು ಬೇಡ. ಹಳೆಯದನ್ನು ಪ್ರಿಂಟ್ ತೆಗೆದವರ ಕೈಯಲ್ಲಿ ಒಂದು ಮೊತ್ತ, ಫೋಲ್ಡರಿನಲ್ಲಿ ಇನ್ನೊಂದು ಮೊತ್ತ ಇರುತ್ತದೆ, ಯಾವುದು ಸರಿ ಎಂದು ಹೇಳುವವರಿರುವುದಿಲ್ಲ. ಹೊಸ ಫೈಲಿನ ಹೆಸರಿನಲ್ಲೇ 'ತಿದ್ದಿದ್ದು, ಆಗಸ್ಟ್ 9' ಎಂದು ಸೇರಿಸಿ, ಬದಲಾದ ಮನೆಗಳಿಗೆ ಹಳದಿ ಬಣ್ಣ ಹಾಕಿ, ವರದಿ ಕಳುಹಿಸಿದ್ದ ಅದೇ ಇಮೇಲಿಗೆ ಉತ್ತರವಾಗಿ ಕಳುಹಿಸಿದೆ. ಮ್ಯಾನೇಜರು ಹಳೆಯ ವರದಿಯನ್ನು ಮೇಲಿನವರಿಗೆ ಕಳುಹಿಸಿದ್ದರೆ ಹಾಗೇ ಮುಂದೆ ದಾಟಿಸಲಿ ಎಂದು ಎರಡು ಸಾಲಿನ ಟಿಪ್ಪಣಿಯನ್ನೂ ಕೆಳಗೆ ಬರೆದಿಟ್ಟೆ.

ಇನ್ನು ಮತ್ತೆ ಆಗದಂತೆ ಏನು ಮಾಡುತ್ತೀರಿ ಎಂಬ ಭಾಗ. 'ಇನ್ನು ಮುಂದೆ ಜಾಗ್ರತೆ ವಹಿಸುತ್ತೇನೆ' ಎಂದು ಬರೆದರೆ ಮ್ಯಾನೇಜರಿಗೆ ಅದನ್ನು ನೋಡಿ ತಿಳಿಯುವ ದಾರಿಯೇ ಇಲ್ಲ. ಹಾಳೆಯ ಮೇಲೆ ಕಾಣುವಂಥದ್ದು ಇರಬೇಕು. ನಾನು ಮೊತ್ತದ ಕೆಳಗೆ ಒಂದು ಪರೀಕ್ಷೆಯ ಮನೆ ಇಟ್ಟೆ. ಕಾಲಂನಲ್ಲಿ ತುಂಬಿರುವ ಮನೆಗಳನ್ನೆಲ್ಲ COUNTA ಎಣಿಸುತ್ತದೆ, ಅದರಲ್ಲಿ ಸಂಖ್ಯೆ ಇರುವವನ್ನು ಮಾತ್ರ COUNT ಎಣಿಸುತ್ತದೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಸೊನ್ನೆ ಬರಬೇಕು. ಜುಲೈ ಹಾಳೆಗೆ ಇದನ್ನು ಹಾಕಿದಾಗ 3 ಎಂದು ಬಂತು. ಸಂಖ್ಯೆ ಬಿಟ್ಟು ಬೇರೇನೂ ತುಂಬಲು ಬಿಡದ ಡೇಟಾ ವ್ಯಾಲಿಡೇಶನ್ ಎಂಬ ಸೌಲಭ್ಯ ಎಕ್ಸೆಲ್‌ನಲ್ಲಿದೆಯಲ್ಲ ಎಂದು ಕೆಲವರು ಕೇಳಬಹುದು. ಅದು ಕೈಯಿಂದ ಟೈಪ್ ಮಾಡಿದ್ದನ್ನು ತಡೆಯುತ್ತದೆ, ಅಂಟಿಸಿದ್ದನ್ನು ತಡೆಯುವುದಿಲ್ಲ. ನನ್ನ ತಪ್ಪು ಬಂದದ್ದೇ ಅಂಟಿಸಿದ್ದರಿಂದ.

ಈ ಪರೀಕ್ಷೆಗೂ ಒಂದು ಮಿತಿಯಿದೆ. 3,10,000 ಇರಬೇಕಾದಲ್ಲಿ 31,000 ಎಂದು ಬಿದ್ದರೆ ಅದೂ ಸಂಖ್ಯೆಯೇ, ಪರೀಕ್ಷೆ ಸೊನ್ನೆಯನ್ನೇ ತೋರಿಸುತ್ತದೆ. ಅದಕ್ಕಾಗಿ, ವರದಿ ಕಳುಹಿಸುವ ಹಿಂದಿನ ದಿನ ಪ್ರತಿ ಡಿಪೋದ ಒಟ್ಟು ಮೊತ್ತವನ್ನು ಅಲ್ಲಿನ ಇನ್‌ಚಾರ್ಜ್‌ಗೆ ಕಳುಹಿಸಿ, 'ಸರಿಯಿದೆ' ಎಂದು ಉತ್ತರ ಬಂದ ಮೇಲೆಯೇ ವರದಿ ಮುಗಿಸುವುದು ಎಂದು ಬರೆದೆ. ಎರಡೇ ಕ್ರಮ. ಎಂಟು ಹತ್ತು ಬರೆದಿದ್ದರೆ ಮುಂದಿನ ತಿಂಗಳು ನಾನೇ ಮರೆತಿರುತ್ತಿದ್ದೆ.

ಮ್ಯಾನೇಜರು ರಾತ್ರಿಯೇ ಉತ್ತರಿಸಿದರು. ಗುರಿ ತಪ್ಪಿದ್ದಕ್ಕೆ ಹಾವೇರಿಗೆ ವಿವರಣೆ ಕೇಳುವ ಪತ್ರ ಸಹಿಗೆ ಬಂದು ಅವರ ಮೇಜಿನ ಮೇಲಿತ್ತಂತೆ. ಅದನ್ನು ತಡೆಹಿಡಿದೆ ಎಂದಿದ್ದರು. ಮುಂದಿನ ತಿಂಗಳು ವರದಿ ಕಳುಹಿಸುವ ಮುನ್ನ ಆ ಪರೀಕ್ಷೆಯ ಮನೆಯಲ್ಲಿ 2 ಎಂದು ಬಂತು. ಈ ಸಲ ಬಾಗಲಕೋಟೆಯವರು ಮೊತ್ತದ ಮುಂದೆ 'ರೂ.' ಎಂದು ಬರೆದಿದ್ದರು. ಐದು ನಿಮಿಷದಲ್ಲಿ ಅಳಿಸಿ ಸರಿಮಾಡಿ, ಸೊನ್ನೆ ಬಂದ ಮೇಲೆ ಕಳುಹಿಸಿದೆ.