ಹೊಸ ಪದ ಅಂದ್ರೆ ಐದು ಕಂತಿನ ಸಾಲ

ಜರ್ಮನ್ ಎ2 ಪರೀಕ್ಷೆಗೆ ಓದುತ್ತಿರುವ ಕೇಳುಗರೊಬ್ಬರು ಕಳೆದ ವಾರ ಮೆಸೇಜ್ ಮಾಡಿದ್ದರು. ದಿನಕ್ಕೆ 30 ಹೊಸ ಪದ ಕಲಿಯುತ್ತಿದ್ದಾರೆ. ಮೊದಲ ವಾರ ಆರಾಮಾಗಿತ್ತಂತೆ. ಈಗ, 28ನೇ ದಿನಕ್ಕೆ, ನೋಡಬೇಕಾದ ಕಾರ್ಡ್ 150. "ಪರೀಕ್ಷೆಗೆ ಇನ್ನೂ ಐದು ತಿಂಗಳಿದೆ, ಬಿಟ್ಟುಬಿಡಲಾ?" ಅಂತ ಕೇಳ್ತಾರೆ.

ಬಿಡಬೇಡಿ. ನಾನು ಬಿಕಾಂ ಓದಿದವನು, ಮೊದಲು ಲೆಕ್ಕ ನೋಡೋಣ.

ಅವರು ಇಟ್ಟುಕೊಂಡಿರುವ ಅಂತರ 1, 3, 7, 16, 35 ದಿನ. ಅಂದ್ರೆ ಜುಲೈ 1ಕ್ಕೆ ಕಲಿತ ಪದವನ್ನು ಜುಲೈ 2, 5, 12, 28ಕ್ಕೆ, ಆಮೇಲೆ ಸೆಪ್ಟೆಂಬರ್ 1ಕ್ಕೆ ಮತ್ತೆ ನೋಡಬೇಕು. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸಿಕೊಂಡರೆ ಮುಂದಿನ ಸಲ ಇನ್ನೂ ಹೆಚ್ಚು ದಿನ ಉಳಿಯುತ್ತೆ, ಅದಕ್ಕೇ ಅಂತರ ಬೆಳೆಯುತ್ತಾ ಹೋಗೋದು.

ಹಾಗಾಗಿ ಪ್ರತಿ ಹೊಸ ಪದವೂ ಐದು ಕಂತಿನ ಸಾಲ. ದಿನಕ್ಕೆ 10 ಪದ ತಗೊಂಡ್ರೆ ಮೊದಲ ದಿನ 10 ಕಾರ್ಡ್, 12ನೇ ದಿನ 40, 63ನೇ ದಿನ 60. ಮರೆತ ಪದ ಮತ್ತೆ ಮೊದಲ ಕಂತಿಗೆ ಬರುತ್ತೆ, ಅದು ಬೇರೆ. 30 ಪದ ತಗೊಂಡ್ರೆ ಎಲ್ಲವೂ ಮೂರು ಪಟ್ಟು. ಮೊದಲ ವಾರ ಹಗುರ ಅನಿಸೋದು ಹೆಚ್ಚಿನ ಕಂತುಗಳು ಇನ್ನೂ ಶುರುವಾಗದ ಕಾರಣಕ್ಕೆ.

ಈಗ ಪರಿಹಾರ. ಎ2ಗೆ ಸುಮಾರು 1300 ಪದ ಬೇಕು. ಇವರು 28 ದಿನದಲ್ಲಿ 840 ಮುಗಿಸಿದ್ದಾರೆ. ಎರಡು ವಾರ ಹೊಸ ಪದ ಪೂರ್ತಿ ನಿಲ್ಲಿಸಿ, ಹಳೆಯದನ್ನು ಮಾತ್ರ ನೋಡಲಿ. ಹನ್ನೆರಡು ದಿನದಲ್ಲಿ ಹೊರೆ ದಿನಕ್ಕೆ ಸುಮಾರು 30ಕ್ಕೆ ಇಳಿಯುತ್ತೆ. ಆಮೇಲೆ ದಿನಕ್ಕೆ 10ರಂತೆ ಉಳಿದ 460 ಪದಕ್ಕೆ 46 ದಿನ. ಕೊನೆಯ ಪದದ ಐದನೇ ಕಂತೂ ಪರೀಕ್ಷೆಗೆ ಮುಂಚೆಯೇ ತೀರುತ್ತೆ.

ವೇಗ ಸರಿಯಿದೆಯಾ ಅಂತ ತಿಳಿಯೋದು ಹೇಗೆ? ಹಳೆಯ ಕಾರ್ಡ್‌ಗಳಲ್ಲಿ ಹತ್ತಕ್ಕೆ ಒಂದು ತಪ್ಪಿದರೆ ಪರವಾಗಿಲ್ಲ. ಎರಡು-ಮೂರು ತಪ್ಪುತ್ತಿದ್ದರೆ ಹೊಸ ಪದ ಕಡಿಮೆ ಮಾಡಿ. ಒಂದೂ ತಪ್ಪದಿದ್ದರೆ ಬೇಗ ಬೇಗ ನೋಡುತ್ತಿದ್ದೀರಿ ಅಂತ ಅರ್ಥ, ಅಂತರ ಹೆಚ್ಚಿಸಿ. ಈ ಎಣಿಕೆ ಪ್ರಾಮಾಣಿಕವಾಗಿರಬೇಕು. ಉತ್ತರ ನೋಡಿದ ಮೇಲೆ "ಓ, ಇದು ಗೊತ್ತಿತ್ತು" ಅನಿಸಿದರೆ ಅದೂ ತಪ್ಪೇ.

ಕಾರ್ಡಿನ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಲಿಂಗ ಅರ್ಥದಿಂದಲೇ ತಿಳಿಯುತ್ತೆ, ಜರ್ಮನ್‌ನಲ್ಲಿ ಹಾಗಲ್ಲ. ಅಲ್ಲಿ ಹುಡುಗಿ ಕೂಡ ನಪುಂಸಕ ಲಿಂಗ: ಡಾಸ್ ಮೇಡ್ಶೆನ್. ಆದ್ದರಿಂದ ಒಂದು ಬದಿಗೆ "ಹುಡುಗಿ", ಇನ್ನೊಂದು ಬದಿಗೆ "ಡಾಸ್" ಸಮೇತ ಬರೆಯಿರಿ. "ಮೇಡ್ಶೆನ್" ನೆನಪಾಗಿ "ಡಾಸ್" ಮರೆತರೆ ಕಾರ್ಡ್ ಮತ್ತೆ ಮೊದಲ ಕಂತಿಗೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.