ಕಿವಿಗೆ ಕಾಣದ ಆವರಣ



ಹೋಟೆಲಿನಲ್ಲಿ ‘ಬೈ ಟು ಕಾಫಿ’ ಎಂದರೆ ಮಾಣಿಗೆ ಯಾವ ಗೊಂದಲವೂ ಇಲ್ಲ. ಒಂದು ಕಾಫಿ, ಎರಡು ಲೋಟ. ಅದೇ ‘ಬೈ’ ಭೌತಶಾಸ್ತ್ರದ ತರಗತಿಗೆ ಬಂದರೆ ಯಾವುದನ್ನು ಯಾವುದರಿಂದ ಭಾಗಿಸಬೇಕು ಎಂಬುದು ಬೋರ್ಡಿನ ಮೇಲೆ ಎಳೆದ ಗೆರೆಯ ಉದ್ದದಲ್ಲಿರುತ್ತದೆ. ಎದುರಿಗೆ ಕೂತವರಿಗೆ ಆ ಗೆರೆ ಕಾಣುತ್ತದೆ. ಧ್ವನಿಮುದ್ರಣ ಕೇಳಿ ಸಾರಾಂಶ ಬರೆಯುವವನಿಗೆ ಕೇಳಿಸುವುದು ಚಾಕ್‌ಪೀಸಿನ ಕಿರಕಿರ ಮಾತ್ರ.

ಪಿಯುಸಿ ಮಕ್ಕಳಿಗೆಂದು ಅಂಥ ಸಾರಾಂಶಗಳನ್ನು ಕೆಲವು ವರ್ಷ ಬರೆದವನು ನಾನು. ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಪಾಠ ಸ್ಪ್ರಿಂಗಿಗೆ ತೂಗುಹಾಕಿದ ಬಟ್ಟಿನ ಆಂದೋಲನದ್ದು. ಮೇಷ್ಟರು ಹೇಳಿದ್ದು ಹೀಗೆ: ‘ಎಫ್ ಈಸ್ ಈಕ್ವಲ್ ಟು ಒನ್ ಬೈ ಟೂ ಪೈ ರೂಟ್ ಕೆ ಬೈ ಎಂ.’ ನಾನು ಬರೆದದ್ದು f = (1/2)π√(k/m). ಕಿವಿಗೆ ಕೇಳಿದ್ದನ್ನೇ, ಕೇಳಿದ ಕ್ರಮದಲ್ಲೇ ಬರೆದಿದ್ದೆ. ಬೋರ್ಡಿನಲ್ಲಿದ್ದದ್ದು f = (1/(2π))√(k/m). ಒಂದು π ಮೇಲೆ ಹೋಗಿತ್ತು, ಅಷ್ಟೆ. ಉತ್ತರ ಮಾತ್ರ ಸುಮಾರು ಹತ್ತು ಪಟ್ಟು ಹಿಗ್ಗಿತ್ತು, ಏಕೆಂದರೆ π ವರ್ಗ ಹತ್ತಕ್ಕೆ ಹತ್ತಿರ.

ಆಯಾಮಗಳನ್ನು ತಾಳೆ ನೋಡದೆ ಬರೆದೆ ಎಂದುಕೊಳ್ಳಬೇಡಿ, ನೋಡಿದ್ದೆ. k ಎಂದರೆ ಮೀಟರಿಗೆ ಇಷ್ಟು ನ್ಯೂಟನ್. ನ್ಯೂಟನ್ನನ್ನು ಬಿಡಿಸಿದರೆ ಕಿಲೋಗ್ರಾಂ-ಮೀಟರ್ ಭಾಗ ಸೆಕೆಂಡ್ ವರ್ಗ. ಹಾಗಾಗಿ k/m ಎಂದರೆ ಒಂದು ಭಾಗ ಸೆಕೆಂಡ್ ವರ್ಗ. ಅದರ ವರ್ಗಮೂಲ ಒಂದು ಭಾಗ ಸೆಕೆಂಡ್, ಅಂದರೆ ಹರ್ಟ್ಸ್. ಆವೃತ್ತಿಗೆ ಬೇಕಾದ್ದು ಅದೇ. ಸರಿ ಎಂದು ಮುಂದೆ ಹೋದೆ. ಆದರೆ π ಬರೀ ಸಂಖ್ಯೆ, ಅದಕ್ಕೆ ಏಕಮಾನವಿಲ್ಲ. ಅದು ಮೇಲಿದ್ದರೂ ಕೆಳಗಿದ್ದರೂ ಆಯಾಮದ ಜರಡಿಯಲ್ಲಿ ಜಾರಿಹೋಗುತ್ತದೆ.

ತಪ್ಪು ಹಿಡಿದದ್ದು ಒಬ್ಬ ವಿದ್ಯಾರ್ಥಿನಿ. ‘ಸರ್, ಪಾಠದಲ್ಲಿ ಲೆಕ್ಕ ಮಾಡಿದ್ದಾರಲ್ಲ, ನಿಮ್ಮ ಸೂತ್ರದಲ್ಲಿ ಅದು ಬರ್ತಾ ಇಲ್ಲ’ ಎಂದಳು. ಮತ್ತೆ ಕೇಳಿದೆ. ಸೂತ್ರ ಹೇಳಿದ ಮೇಲೆ ಮೇಷ್ಟರು ಒಂದು ಲೆಕ್ಕ ಮಾಡಿದ್ದರು: k ನೂರು ನ್ಯೂಟನ್ ಭಾಗ ಮೀಟರ್, m ಒಂದು ಕಿಲೋಗ್ರಾಂ, ಉತ್ತರ ‘ಒನ್ ಪಾಯಿಂಟ್ ಸಿಕ್ಸ್’. ನನ್ನ ಸೂತ್ರ ಕೊಡುವುದು 15.7. ನೂರರ ವರ್ಗಮೂಲ ಹತ್ತು, ಅದನ್ನು 6.28ರಿಂದ ಭಾಗಿಸಿದರೆ 1.59, ಮೇಷ್ಟರ ಉತ್ತರ ಅಲ್ಲೇ ಕೂತಿತ್ತು. ಸಾರಾಂಶ ಅಲ್ಲವೇ, ಜಾಗ ಉಳಿಯಲಿ ಎಂದು ನಾನು ಮೊದಲು ಕತ್ತರಿಸಿದ್ದೇ ಆ ಲೆಕ್ಕವನ್ನು. ಸಾಕ್ಷಿಯನ್ನು ಆಚೆ ಕಳಿಸಿ ತೀರ್ಪು ಬರೆದಿದ್ದೆ.

ಲೆಕ್ಕವೊಂದನ್ನೇ ನೆಚ್ಚಿಕೊಂಡರೆ ಆಯಿತೇ? ಅದೂ ಸಾಲದು. ಅದೇ ಮಾತನ್ನು ‘ರೂಟ್ ಕೆ’ ಒಂದು ಕಡೆ, ‘ಬೈ ಎಂ’ ಇನ್ನೊಂದು ಕಡೆ ಎಂದು ಕೇಳಿಸಿಕೊಂಡವನು √k/(2πm) ಎಂದು ಬರೆಯುತ್ತಾನೆ. ಮೇಷ್ಟರ ಲೆಕ್ಕ ಹಾಕಿ ನೋಡಿ: m ಒಂದು. ಒಂದರ ವರ್ಗಮೂಲವೂ ಒಂದೇ. ಹಾಗಾಗಿ ಇಲ್ಲೂ ಉತ್ತರ 1.59! ಲೆಕ್ಕ ತಾಳೆಯಾಯಿತು, ಸೂತ್ರ ತಪ್ಪು. ಇದನ್ನು ಹಿಡಿಯುವುದು ಆಯಾಮ: ಕಿಲೋಗ್ರಾಮಿನ ಅರ್ಧ ಘಾತವೊಂದು ಛೇದದಲ್ಲಿ ಉಳಿದುಬಿಡುತ್ತದೆ, ಹರ್ಟ್ಸ್ ಬರುವುದಿಲ್ಲ. ಒಂದು ಜರಡಿ ಬಿಟ್ಟದ್ದನ್ನು ಇನ್ನೊಂದು ತಡೆಯುತ್ತದೆ. ಅದಕ್ಕೇ ಎರಡೂ ಬೇಕು. ಮೇಷ್ಟರ ಲೆಕ್ಕದಲ್ಲಿ ಒಂದು ಎಂಬ ಅಂಕಿ ಕಂಡರೆ ನಾನೀಗ ನಂಬುವುದಿಲ್ಲ. ಅವರದೇ ಇನ್ನೊಂದು ಲೆಕ್ಕ ಹುಡುಕುತ್ತೇನೆ.

ಏಕಮಾನಗಳ ಉಚ್ಚಾರಣೆಯಲ್ಲೂ ಇಂಥದೇ ಪೇಚು. ಪ್ಲಾಂಕ್ ಸ್ಥಿರಾಂಕವನ್ನು ‘ಸಿಕ್ಸ್ ಪಾಯಿಂಟ್ ಸಿಕ್ಸ್ ಟೂ ಸಿಕ್ಸ್ ಇಂಟು ಟೆನ್ ಪವರ್ ಮೈನಸ್ ಥರ್ಟಿ ಫೋರ್ ಜೌಲ್ ಸೆಕೆಂಡ್’ ಎನ್ನುತ್ತಾರೆ. ಇಲ್ಲಿ ಜೌಲನ್ನು ಸೆಕೆಂಡಿನಿಂದ ಗುಣಿಸಬೇಕು. ನಮ್ಮ ಕಿವಿಗೆ ‘ಮೀಟರ್ ಪರ್ ಸೆಕೆಂಡ್’ ರೂಢಿಯಾಗಿರುವುದರಿಂದ ಕೈ ತಾನಾಗಿ J/s ಎಂದು ಬರೆದುಬಿಡುತ್ತದೆ. ಅದು ವಾಟ್ ಆಯಿತು, ಬಲ್ಬಿನ ಏಕಮಾನ. E = hν ಸೂತ್ರಕ್ಕೆ ಹಾಕಿದರೆ ಗೊತ್ತಾಗುತ್ತದೆ: ν ಎಂದರೆ ಒಂದು ಭಾಗ ಸೆಕೆಂಡ್, ಅದರೊಂದಿಗೆ ಜೌಲ್ ಸೆಕೆಂಡನ್ನು ಗುಣಿಸಿದರೆ ಸೆಕೆಂಡ್ ಹೊಡೆದುಹೋಗಿ ಶಕ್ತಿ ಉಳಿಯುತ್ತದೆ. J/s ಹಾಕಿದರೆ ಏನೂ ಹೊಡೆದುಹೋಗುವುದಿಲ್ಲ. ‘ನ್ಯೂಟನ್ ಮೀಟರ್’ ಬಗ್ಗೆಯೂ ಇದೇ ಎಚ್ಚರ. ಅದು ಟಾರ್ಕ್, ‘ಪರ್’ ಸೇರಿದರೆ ಸ್ಪ್ರಿಂಗಿನ ಸ್ಥಿರಾಂಕ. ‘ಪರ್’ ಎನ್ನುವಾಗ ಯಾರಾದರೂ ಕೆಮ್ಮಿದರೆ ಮುಗಿಯಿತು. ಇನ್ನು ‘ಟೆನ್ ಪವರ್ ಮೈನಸ್ ಸಿಕ್ಸ್’ ಅವಸರದಲ್ಲಿ 10-6 ಎಂದು ಸಾಲಿನಲ್ಲೇ ಬಿದ್ದು ನಾಲ್ಕಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ‘ಎಂ’ ಮತ್ತು ‘ಎನ್’ ಫ್ಯಾನಿನ ಸದ್ದಿನಲ್ಲಿ ಒಂದೇ ಆಗುವುದಂತೂ ದಿನದ ಪಾಡು.

ರಿಚರ್ಡ್ ಫೈನ್‌ಮನ್ ಕ್ಯಾಲ್ಟೆಕ್‌ನಲ್ಲಿ 1961ರಿಂದ 1963ರವರೆಗೆ ಮಾಡಿದ ಪಾಠಗಳು ಪುಸ್ತಕವಾದದ್ದು ಟೇಪಿನಿಂದ. ಟೇಪಿನ ಜೊತೆಗೆ ಬೋರ್ಡಿನ ಫೋಟೊ ಕೂಡ ತೆಗೆಸಿದ್ದರು. ಹಾಗಿದ್ದೂ ಒಂದೊಂದು ಪಾಠಕ್ಕೆ ಒಬ್ಬ ಭೌತವಿಜ್ಞಾನಿಯ ಹತ್ತರಿಂದ ಇಪ್ಪತ್ತು ತಾಸು ಬೇಕಾಯಿತೆಂದು ಸಂಪಾದಕರಾದ ರಾಬರ್ಟ್ ಲೇಟನ್ ಮುನ್ನುಡಿಯಲ್ಲಿ ಬರೆದಿದ್ದಾರೆ. ಆ ಪುಸ್ತಕಗಳ ತಿದ್ದುಪಡಿಗಳ ಪಟ್ಟಿ ದಶಕಗಳ ನಂತರವೂ ಬೆಳೆಯುತ್ತಿತ್ತು. ನನ್ನ π ಬಗ್ಗೆ ನನಗೆ ಸ್ವಲ್ಪ ಸಮಾಧಾನವಾದದ್ದು ಅದನ್ನು ಓದಿದ ಮೇಲೆ.

ಈಗ ನಾನು ಸೂತ್ರ ಬರೆದ ಕಡೆಯೆಲ್ಲ ಪಕ್ಕದಲ್ಲಿ ಧ್ವನಿಮುದ್ರಣದ ನಿಮಿಷ, ಸೆಕೆಂಡು ಹಾಕುತ್ತೇನೆ. ಮೇಷ್ಟರ ಒಂದು ಲೆಕ್ಕವನ್ನಾದರೂ ಉಳಿಸುತ್ತೇನೆ. ಪಾಠ ಕೊನೆಯವರೆಗೆ ಕೇಳದೆ ಸೂತ್ರಗಳನ್ನು ಅಂತಿಮಗೊಳಿಸುವುದಿಲ್ಲ, ಏಕೆಂದರೆ ‘ಅಯ್ಯೋ, ಆಗ ಮೈನಸ್ ಬಿಟ್ಟೆ, ಹಾಕ್ಕೊಳ್ಳಿ’ ಎಂಬ ಮಾತು ಇಪ್ಪತ್ತು ನಿಮಿಷದ ಮೇಲೂ ಬರಬಹುದು. ಎರಡು ಜರಡಿ ಹಿಡಿದ ಮೇಲೂ ತೀರ್ಮಾನವಾಗದಿದ್ದರೆ ‘ಬೋರ್ಡ್ ನೋಡಬೇಕು’ ಎಂದು ಬರೆದು ಖಾಲಿ ಬಿಡುತ್ತೇನೆ.

ಎರಡು ಜರಡಿಯೂ ಕೈಕೊಡುವ ಒಂದು ಜಾಗ ಹೇಳಿ ಮುಗಿಸುತ್ತೇನೆ: ಮಸೂರದ ಸೂತ್ರ. ಇಂದಿನ ಪಿಯುಸಿ ಪುಸ್ತಕದಲ್ಲಿ ಅದು 1/v − 1/u = 1/f. ಹಳೆಯ ಪದ್ಧತಿಯಲ್ಲಿ ಕಲಿತವರು 1/v + 1/u = 1/f ಎನ್ನುತ್ತಾರೆ. ಎರಡರ ಆಯಾಮವೂ ಒಂದೇ. ಮಸೂರದ ಮುಂದೆ 30 ಸೆಂಟಿಮೀಟರಿನಲ್ಲಿ ವಸ್ತು, ನಾಭಿದೂರ 20 ಎಂದರೆ ಹಳೆಯ ಪದ್ಧತಿಯಲ್ಲಿ 1/20ರಿಂದ 1/30 ಕಳೆದು v ಅರವತ್ತು. ಹೊಸದರಲ್ಲಿ u ಎಂಬುದು −30, ಅಲ್ಲೂ ಅರವತ್ತೇ. ಹಾಗಾದರೆ ತಪ್ಪು ಎಲ್ಲಿ? ‘ಬೆಳಕು ಹೋಗುವ ದಿಕ್ಕು ಪ್ಲಸ್, ಎದುರು ದಿಕ್ಕು ಮೈನಸ್’ ಎಂದು ಪಾಠದ ಮೊದಲಿಗೆ ಮೇಷ್ಟರು ಹೇಳಿದ ವಾಕ್ಯವನ್ನು ಪೀಠಿಕೆಯೆಂದು ಕೈಬಿಟ್ಟದ್ದರಲ್ಲಿ. ಅದಿಲ್ಲದ ಸಾರಾಂಶ ಓದಿದ ಹುಡುಗ ಹೊಸ ಸೂತ್ರಕ್ಕೆ ಬರೀ 30 ಹಾಕುತ್ತಾನೆ. ಪ್ರತಿಬಿಂಬ 12 ಸೆಂಟಿಮೀಟರಿನಲ್ಲಿ ಬರುತ್ತದೆಂದು ಲೆಕ್ಕ ಹೇಳುತ್ತದೆ, ಪ್ರಯೋಗಾಲಯದಲ್ಲಿ ಅವನು ಪರದೆಯನ್ನು ಅಲ್ಲೇ ಹಿಂದೆ ಮುಂದೆ ಸರಿಸುತ್ತ ನಿಂತಿರುತ್ತಾನೆ.