ಗಂಜಿಗೆ ಬೆರೆಸುವ ಮೊದಲು

ಶಿರ್ತಾಡಿಯ ಒಂದು ಮನೆಗೆ ನರ್ಸ್ ಆಗಿ ಹೋಗಿದ್ದೆ. ಮರೆವಿನ ಕಾಯಿಲೆಯ ಅತ್ತೆ ಮಾತ್ರೆ ಉಗುಳ್ತಾರೆ ಅಂತ ಸೊಸೆ ಎಲ್ಲವನ್ನೂ ಪುಡಿ ಮಾಡಿ ಬಟ್ಟಲು ಗಂಜಿಗೆ ಹಾಕ್ತಿದ್ದರು. ಪಾಪ, ಬೇರೆ ದಾರಿ ಇರಲಿಲ್ಲ. ಆದರೆ ಅದರಲ್ಲಿ ಬಿಪಿಯ ನಿಫೆಡಿಪಿನ್ ಇತ್ತು, ಹೆಸರಿನ ಜೊತೆ ‘ರಿಟಾರ್ಡ್’ ಅಂತ. ಅಂದರೆ ಹೊಟ್ಟೆಯಲ್ಲಿ ನಿಧಾನವಾಗಿ ಕರಗಬೇಕಾದ ಮಾತ್ರೆ. ಪುಡಿ ಮಾಡಿದರೆ ಔಷಧವೆಲ್ಲ ಒಮ್ಮೆಗೇ ರಕ್ತಕ್ಕೆ ಸೇರಿ ಬಿಪಿ ಕುಸಿಯಬಹುದು. ಗಂಜಿ ಕುಡಿದು ಎದ್ದರೆ ಅತ್ತೆಗೆ ತಲೆ ತಿರುಗ್ತಿತ್ತಂತೆ! ಎಸ್‌ಆರ್, ಇಆರ್, ಎಕ್ಸ್‌ಎಲ್ ಅಂತ ಇದ್ದರೂ ಪುಡಿ ಮಾಡಬೇಡಿ. ಬದಲಿಗೆ ದ್ರವ ಔಷಧ ಉಂಟಾ ಅಂತ ಡಾಕ್ಟರನ್ನು ಕೇಳಿ. ಪುಡಿ ಮಾಡಬಹುದು ಅಂತ ಅವರು ಹೇಳಿದ್ದನ್ನು ಒಂದೇ ಚಮಚ ಗಂಜಿಯಲ್ಲಿ ಕೊಡಿ. ಬಟ್ಟಲಲ್ಲಿ ಅರ್ಧ ಉಳಿದರೆ ಎಷ್ಟು ಔಷಧ ಒಳಗೆ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬೇಡವೆಂದರೆ ಅರ್ಧ ಗಂಟೆ ಬಿಟ್ಟು ಮತ್ತೆ ಹೋಗಿ. ತಪ್ಪಿದ ಡೋಸ್ ಸೇರಿಸಿ ಎರಡು ಕೊಡಬೇಡಿ.